ಅಸಲು ಅಲ್ಲೇ ಕೂತೈತಲ್ಲ!

2023ರ ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ದೊಡ್ಡಉಳ್ಳಾರ್ತಿ, ಚಳ್ಳಕೆರೆ ತಾಲ್ಲೂಕು. ಹಬ್ಬದ ಮಾರನೇ ದಿನ ಸಂಜೆ ಚಂದ್ರನನ್ನು ನೋಡೋಕೆ ಅಂತ ಎಲ್ಲರೂ ಮನೆ ಮುಂದೆ ನಿಂತಿದ್ದೆವು. ಚಂದ್ರ ಕಾಣೋದು ಸ್ವಲ್ಪ ತಡವಾಯಿತು. ಆ ಹೊತ್ತಿಗೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಮನೆ ಸಾಲ ಎಷ್ಟು ತೀರ್ತಪ್ಪಾ?"

ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟ್ ತಗೊಂಡು ಒಂದೂವರೆ ವರ್ಷ ಆಗಿತ್ತು. ಹದಿನೆಂಟು ಕಂತು ಕಟ್ಟಿದ್ದೆ, ಒಂದೂ ತಪ್ಪಿಸಿರಲಿಲ್ಲ. ಫೋನ್ ತೆಗೆದು ಬ್ಯಾಂಕ್ ಆ್ಯಪ್ ನೋಡಿಯೇ ಹೇಳಿದೆ: ಕಟ್ಟಿದ್ದು 5,53,896 ರೂಪಾಯಿ. ಸಾಲ ಕಡಿಮೆ ಆಗಿದ್ದು 96,659 ರೂಪಾಯಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಐದೂವರೆ ಲಕ್ಷ ಕಟ್ಟಿದ್ಮೇಲೂ ಅಸಲು ಅಲ್ಲೇ ಕೂತೈತಲ್ಲ!" ಅಂದರು.

ಅಪ್ಪ ಓದಿದ್ದು ಏಳನೇ ಕ್ಲಾಸು. ನಾನು ಎಂಜಿನಿಯರಿಂಗ್ ಮಾಡಿದವನು, ದಿನವಿಡೀ ಕೋಡ್ ಬರೆಯುವವನು. ಅಪ್ಪನಿಗೆ ಒಂದು ನಿಮಿಷಕ್ಕೆ ಕಂಡಿದ್ದು ನನಗೆ ಕಾಣೋಕೆ ಆರು ತಿಂಗಳು ಬೇಕಾಯಿತು. ಈ ವಾರ ಆ ಕಥೆ. ನಿಮ್ಮಲ್ಲಿ ಯಾರಾದರೂ 2020, 2021ರಲ್ಲಿ ಕಡಿಮೆ ಬಡ್ಡಿ ನೋಡಿ ಗೃಹಸಾಲ ತೆಗೆದಿದ್ದರೆ, ಇದು ನಿಮ್ಮ ಕಥೆಯೂ ಆಗಿರಬಹುದು.

ನನ್ನ ಸಾಲ 40 ಲಕ್ಷ. ತೆಗೆದಿದ್ದು 2021ರ ಸೆಪ್ಟೆಂಬರ್ ಕೊನೆಗೆ, ಆಗ ನನಗೆ 26. ಅವಧಿ 20 ವರ್ಷ, ಅಂದರೆ 240 ಕಂತು. ಬಡ್ಡಿ ಶೇ 6.90. ತಿಂಗಳ ಕಂತು 30,772 ರೂಪಾಯಿ. ಬಾಡಿಗೆಗಿಂತ ಎಂಟು ಸಾವಿರ ಜಾಸ್ತಿ ಅಷ್ಟೇ ಅಂತ ಲೆಕ್ಕ ಹಾಕಿ ಖುಷಿಯಾಗಿದ್ದೆ.

ಆ ಶೇ 6.90 ಎಲ್ಲಿಂದ ಬಂತು ಅನ್ನೋದು ಮಂಜೂರಾತಿ ಪತ್ರದಲ್ಲೇ ಇತ್ತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲವನ್ನು ಹೊರಗಿನ ಯಾವುದಾದರೂ ಒಂದು ಮಾನದಂಡಕ್ಕೆ ಕಟ್ಟಿಹಾಕಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಹೆಚ್ಚಿನ ಬ್ಯಾಂಕುಗಳು ಆರಿಸಿಕೊಂಡಿದ್ದು ರೆಪೊ ದರವನ್ನು, ಅಂದರೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಅಲ್ಪಾವಧಿಗೆ ಸಾಲ ಕೊಡುವ ದರ. ಅದರ ಮೇಲೆ ಬ್ಯಾಂಕಿನ ಪಾಲು, ಅದಕ್ಕೆ ಸ್ಪ್ರೆಡ್ ಅಂತಾರೆ. ನನಗೆ ರೆಪೊ 4.00, ಸ್ಪ್ರೆಡ್ 2.90, ಒಟ್ಟು 6.90. ರೆಪೊ ಬದಲಾದರೆ ಮೂರು ತಿಂಗಳಿಗೊಮ್ಮೆಯಾದರೂ ನನ್ನ ದರವೂ ಬದಲಾಗಬೇಕು. ನನ್ನ ಸಾಲಕ್ಕೆ ಆ ದಿನಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕು.

ರೆಪೊ 4.00 ಅನ್ನೋದು ಕೋವಿಡ್ ಕಾಲದ ದರ. 2020ರ ಮೇ ತಿಂಗಳಲ್ಲಿ ಅಲ್ಲಿಗೆ ಇಳಿದು ಎರಡು ವರ್ಷ ಅಲ್ಲೇ ನಿಂತಿತ್ತು. ಸಹಿ ಹಾಕುವಾಗ ಅದೇ ಮಾಮೂಲು ದರ ಅಂದುಕೊಂಡಿದ್ದೆ. ತಳದಲ್ಲಿ ನಿಂತು ಸಹಿ ಹಾಕ್ತಿದ್ದೀನಿ, ಇಲ್ಲಿಂದ ಮೇಲಕ್ಕೆ ಹೋಗೋದಷ್ಟೇ ಬಾಕಿ ಅಂತ ಹೊಳೆಯಲೇ ಇಲ್ಲ.

2022ರ ಮೇ 4ರಂದು ರೆಪೊ ಏರೋಕೆ ಶುರುವಾಯಿತು. ಮೊದಲು 4.40. ಜೂನ್‌ನಲ್ಲಿ 4.90, ಆಗಸ್ಟ್‌ನಲ್ಲಿ 5.40, ಸೆಪ್ಟೆಂಬರ್ ಕೊನೆಗೆ 5.90, ಡಿಸೆಂಬರ್‌ನಲ್ಲಿ 6.25, 2023ರ ಫೆಬ್ರವರಿಯಲ್ಲಿ 6.50. ಒಂಬತ್ತೇ ತಿಂಗಳಲ್ಲಿ ಎರಡೂವರೆ ಪರ್ಸೆಂಟು. ಟಿವಿಯಲ್ಲಿ "ಗೃಹಸಾಲ ದುಬಾರಿ" ಅಂತ ಪ್ರತಿ ಸಲ ಬರುತ್ತಿತ್ತು. ನಾನು ಖಾತೆ ನೋಡಿದರೆ ಅದೇ 30,772 ಕಟ್ ಆಗಿರೋದು. "ನಮ್ಮ ಬ್ಯಾಂಕ್ ಒಳ್ಳೇದು ಕಣ್ರೀ, ಇನ್ನೂ ಏರಿಸಿಲ್ಲ" ಅಂತ ಆಫೀಸಿನಲ್ಲಿ ಹೇಳಿಕೊಂಡು ಓಡಾಡಿದ್ದೂ ಉಂಟು. ನಗಬೇಡಿ.

ಮಧ್ಯೆ ಎಸ್ಸೆಮ್ಮೆಸ್ ಬಂದಿದ್ದವು. ಬಡ್ಡಿದರ ಪರಿಷ್ಕರಣೆ ಆಗಿದೆ, ಅವಧಿ ಅದಕ್ಕೆ ತಕ್ಕಂತೆ ಬದಲಾಗಿದೆ ಅಂತ ಒಂದೂವರೆ ಸಾಲು. ಓಟಿಪಿ, ಪಿಜ್ಜಾ ಆಫರ್, ಸಿಮ್ ರೀಚಾರ್ಜ್ ಮಧ್ಯೆ ಅದೂ ಒಂದು. ಎಷ್ಟು ಬದಲಾಗಿದೆ ಅಂತ ಅದರಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ.

ಸಿಕ್ಕಿಬಿದ್ದಿದ್ದು 2023ರ ಜನವರಿಯಲ್ಲಿ. ಸಂಬಳದವರಿಗೆ ಗೊತ್ತು, ಜನವರಿ ಬಂದರೆ ಎಚ್‌ಆರ್‌ನವರು ತೆರಿಗೆ ವಿನಾಯಿತಿಯ ದಾಖಲೆ ಕೇಳ್ತಾರೆ. ಗೃಹಸಾಲ ಇದ್ದರೆ ಬ್ಯಾಂಕಿನಿಂದ ತಾತ್ಕಾಲಿಕ ಬಡ್ಡಿ ಪ್ರಮಾಣಪತ್ರ ತೆಗೆದು ಕೊಡಬೇಕು. ಅದರಲ್ಲಿ ಆ ಹಣಕಾಸು ವರ್ಷಕ್ಕೆ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಅಂತ ಎರಡೇ ಅಂಕಿ. ನನ್ನದರಲ್ಲಿ ಅಸಲು 49,351, ಬಡ್ಡಿ 3,19,913. ಸಾಲ ತೆಗೆದಾಗ ಕೊಟ್ಟ ಪಟ್ಟಿಯ ಪ್ರಕಾರ ಆ ವರ್ಷ ಅಸಲಿಗೆ ಒಂದು ಲಕ್ಷದ ಹತ್ತಿರ ಹೋಗಬೇಕಿತ್ತು. ಅರ್ಧಕ್ಕರ್ಧ ಇಳಿದಿದೆ.

ಪ್ರಿಂಟ್ ತಪ್ಪಾಗಿರಬೇಕು ಅಂತ ಆ್ಯಪ್‌ನಲ್ಲಿ ಸಾಲದ ವಿವರ ತೆರೆದೆ. ಬಾಕಿ ಕಂತುಗಳು: 453.

ಹದಿನೈದು ಕಂತು ಕಟ್ಟಿದ್ದೆ. 240ರಲ್ಲಿ 15 ಹೋದರೆ 225 ಉಳಿಯಬೇಕು. 453 ತಿಂಗಳು ಅಂದರೆ ಮೂವತ್ತೇಳು ವರ್ಷ ಒಂಬತ್ತು ತಿಂಗಳು. ನನ್ನ ಸಾಲ ನನಗೆ ಅರವತ್ತೈದು ದಾಟಿದ ಮೇಲೆ ತೀರುತ್ತೆ.

ಇಲ್ಲಿ ಸ್ವಲ್ಪ ನಿಂತು, ಒಳಗೆ ಏನು ನಡೆಯಿತು ಅಂತ ನೋಡೋಣ. ಕಷ್ಟದ ಲೆಕ್ಕ ಅಲ್ಲ.

ಪ್ರತಿ ತಿಂಗಳು ಬ್ಯಾಂಕು ಮೊದಲು ಉಳಿದ ಸಾಲದ ಮೇಲೆ ಆ ತಿಂಗಳ ಬಡ್ಡಿ ಹಾಕುತ್ತೆ. ನಮ್ಮ ಕಂತು ಬಂದ ಮೇಲೆ ಬಡ್ಡಿಯನ್ನು ಮೊದಲು ಮುರಿದುಕೊಳ್ಳುತ್ತೆ. ಉಳಿದ ಚೂರು ಮಾತ್ರ ಅಸಲಿಗೆ. ನನ್ನ ಮೊದಲ ತಿಂಗಳು: 40 ಲಕ್ಷಕ್ಕೆ ಶೇ 6.90ರಂತೆ ಬಡ್ಡಿ 23,000. ಕಂತು 30,772. ಅಸಲಿಗೆ ಹೋಗಿದ್ದು 7,772. ಸಾಲ ಕರಗೋದು ಈ 7,772ರಿಂದಲೇ, ಬೇರೆ ಯಾವುದರಿಂದಲೂ ಅಲ್ಲ.

ಈಗ ದರ ಎರಡೂವರೆ ಪರ್ಸೆಂಟ್ ಏರಿತು ಅಂದುಕೊಳ್ಳಿ. 40 ಲಕ್ಷಕ್ಕೆ ಅದು ತಿಂಗಳಿಗೆ 8,333 ರೂಪಾಯಿ ಹೆಚ್ಚುವರಿ ಬಡ್ಡಿ. ಕಂತು ಅಷ್ಟೇ ಇರಬೇಕು ಅಂದರೆ ಈ 8,333 ಎಲ್ಲಿಂದ ಬರಬೇಕು? ಅಸಲಿಗೆ ಹೋಗುತ್ತಿದ್ದ 7,772ರಿಂದಲೇ. ಅದೂ ಸಾಲದು. ಅಷ್ಟರಲ್ಲಿ ಸಾಲ ಸ್ವಲ್ಪ ಕರಗಿದ್ದರಿಂದ ನಾನು ಕೂದಲೆಳೆಯಲ್ಲಿ ಉಳಿದುಕೊಂಡೆ. 2022ರ ಜುಲೈನಲ್ಲಿ ದರ 7.80 ಆದಾಗ ಅಸಲಿಗೆ ಹೋಗಿದ್ದು 5,237. ಅಕ್ಟೋಬರ್‌ನಲ್ಲಿ 8.80 ಆದಾಗ 2,080. ಜನವರಿಯಲ್ಲಿ 9.15 ಆದಾಗ 986. ಅವಧಿ ಅದೇ ಹೊತ್ತಿಗೆ 274 ತಿಂಗಳು, 369 ತಿಂಗಳು, 453 ತಿಂಗಳು ಅಂತ ಹಿಗ್ಗುತ್ತಾ ಹೋಯಿತು. ಮೂರು ಸಲವೂ ನನ್ನ ಖಾತೆಯಿಂದ ಹೋಗಿದ್ದು ಅದೇ 30,772.

ನನ್ನ ಟೀಮಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಅವರೂ ಅದೇ ಸಮಯಕ್ಕೆ ಸಾಲ ಮಾಡಿದವರೇ, ಆದರೆ ಹತ್ತು ವರ್ಷಕ್ಕೆ. "ನಂದೂ ಏರಿದೆ, ಆದ್ರೆ ನಿನ್ನಷ್ಟು ಅಲ್ವಲ್ಲ" ಅಂದರು. ಯಾಕೆ ಅಂತ ಲೆಕ್ಕ ಹಾಕಿದೆ. ಅದೇ 40 ಲಕ್ಷ ಹತ್ತು ವರ್ಷಕ್ಕೆ ತೆಗೆದಿದ್ದರೆ ಕಂತು 46,237 ಆಗುತ್ತಿತ್ತು, ಅದರಲ್ಲಿ ಮೊದಲ ತಿಂಗಳೇ 23 ಸಾವಿರಕ್ಕೂ ಹೆಚ್ಚು ಅಸಲಿಗೆ. ದರ 6.90ರಿಂದ ಒಮ್ಮೆಗೇ 9.40ಕ್ಕೆ ಹಾರಿದರೂ 120 ತಿಂಗಳು 145 ಆಗುತ್ತೆ, ಅಷ್ಟೇ. ಉದ್ದದ ಅವಧಿ, ಕಡಿಮೆ ದರ, ಸಾಲದ ಮೊದಲ ವರ್ಷಗಳು ಈ ಮೂರೂ ಒಟ್ಟಿಗೆ ಬಂದವರಿಗೆ ಏಟು ಜೋರು. ನನ್ನ ವಯಸ್ಸಿನವರು ಹೆಚ್ಚಾಗಿ ಆ ಗುಂಪಿನಲ್ಲೇ ಇದ್ದೀವಿ.

ಯುಗಾದಿ ಹೊತ್ತಿಗೆ ಇದೆಲ್ಲ ನನಗೆ ಗೊತ್ತಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಫೆಬ್ರವರಿಯಲ್ಲಿ ರೆಪೊ ಇನ್ನೂ ಕಾಲು ಪರ್ಸೆಂಟ್ ಏರಿತ್ತು. ಏಪ್ರಿಲ್ 1ಕ್ಕೆ ನನ್ನ ದರ 9.40 ಆಗಬೇಕಿತ್ತು. ಉಳಿದ ಸಾಲ 39,03,341. ಅದರ ಮೇಲೆ ತಿಂಗಳ ಬಡ್ಡಿ 30,576. ಕಂತು 30,772. ಅಸಲಿಗೆ ಉಳಿಯೋದು 196 ರೂಪಾಯಿ.

ಮೂವತ್ತು ಸಾವಿರ ಕಟ್ಟಿದರೆ ನೂರಾ ತೊಂಬತ್ತಾರು ರೂಪಾಯಿ ಸಾಲ ಕಡಿಮೆ. ಹೀಗೆ ಬಿಟ್ಟರೆ ಸುಮಾರು 648 ತಿಂಗಳು, ಐವತ್ತನಾಲ್ಕು ವರ್ಷ. ನನಗೆ ಎಂಬತ್ತೆರಡು ಆಗುವವರೆಗೆ.

ಅಪ್ಪನಿಗೆ ಅಂಗಳದಲ್ಲಿ ಇದನ್ನೇ ವಿವರಿಸಿದೆ. ಅವರು ಆಶ್ಚರ್ಯಪಡಲಿಲ್ಲ. ನಮ್ಮ ತಾತ ಬಿತ್ತನೆ ಶೇಂಗಾಕ್ಕೆ ಚಳ್ಳಕೆರೆಯ ಒಬ್ಬ ಸಾಹುಕಾರರ ಹತ್ತಿರ ಸಾಲ ತಂದಿದ್ದರಂತೆ. ಪ್ರತಿ ಸುಗ್ಗಿಗೆ ಹೋಗಿ ಬಡ್ಡಿ ಕೊಟ್ಟು ಬರೋದು. ಮಳೆ ಚೆನ್ನಾಗಿ ಆದ ವರ್ಷವೂ ಅಷ್ಟೇ, ಕೆಟ್ಟ ವರ್ಷವೂ ಅಷ್ಟೇ. ಅಸಲು ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. "ಅಸಲು ಕೇಳದ ಸಾಹುಕಾರನೇ ಜಾಣ. ಅವನಿಗೆ ಅಸಲು ವಾಪಸ್ ಬಂದ್ರೆ ನಷ್ಟ" ಅಂದರು ಅಪ್ಪ. ಈಗ ಅವರು ಸೊಸೈಟಿಯಲ್ಲಿ ಬೆಳೆಸಾಲ ತಗೋತಾರೆ. ವರ್ಷದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿಯೇ ಇಲ್ಲ, ತಪ್ಪಿದರೆ ಬಡ್ಡಿ ಬೀಳುತ್ತೆ. ಗಡುವು ಹತ್ತಿರ ಬಂತು ಅಂದರೆ ಅಮ್ಮನ ಒಡವೆ ಅಡವಿಟ್ಟಾದರೂ ಕಟ್ಟಿಬಿಡ್ತಾರೆ. ತಾತನ ಕಾಲದ ಬಡ್ಡಿ ನೋಡಿದವರು.

ಬ್ಯಾಂಕಿನವರನ್ನು ಸಾಹುಕಾರ ಅನ್ನೋಕೆ ನನಗೆ ಮನಸ್ಸಿಲ್ಲ. ಅವರಿಗೂ ಒಂದು ಕಾರಣ ಇದೆ. ದರ ಏರಿದ ಕೂಡಲೇ ಎಲ್ಲರ ಕಂತನ್ನೂ ಆರು ಸಾವಿರ ಏರಿಸಿದರೆ ಎಷ್ಟೋ ಮನೆಗಳಲ್ಲಿ ಕಂತು ಬೌನ್ಸ್ ಆಗುತ್ತೆ. ಅವಧಿ ಎಳೆದರೆ ಯಾರಿಗೂ ಆ ತಿಂಗಳು ನೋವಾಗಲ್ಲ, ಅಟೋ ಡೆಬಿಟ್ ಮೊತ್ತವನ್ನೂ ಬದಲಾಯಿಸಬೇಕಿಲ್ಲ. ಸಾಲಗಾರನ ಕೆಲಸ ಹೋಗಿರಬಹುದು, ಮನೆಯಲ್ಲಿ ಆಸ್ಪತ್ರೆ ಖರ್ಚು ಇರಬಹುದು. ಅಂಥವರಿಗೆ ಅವಧಿ ಹಿಗ್ಗೋದು ನಿಜಕ್ಕೂ ಉಪಕಾರ. ನನ್ನ ತಕರಾರು ಇಷ್ಟೇ: ನನ್ನನ್ನು ಕೇಳದೆ ಮಾಡಿದರು, ಎಷ್ಟು ಅಂತ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ರಜೆ ಹಾಕಿ ಶಾಖೆಗೆ ಹೋದೆ. ಅಷ್ಟರಲ್ಲಿ ಹೊಸ ಪತ್ರ ಬಂದಿತ್ತು. ಕಂತು 31,187, ಬಾಕಿ 504 ತಿಂಗಳು. ಕಂತು ಯಾಕೆ 415 ರೂಪಾಯಿ ಏರಿತು ಅಂತ ಕೇಳಿದೆ. ಸಾಲ ವಿಭಾಗದ ಮೇಡಂ ಸ್ಕ್ರೀನ್ ನೋಡಿ ಹೇಳಿದರು, "ನಿಮಗೀಗ 28 ಸರ್. 70 ವರ್ಷದವರೆಗೆ ಅವಧಿ ಎಳೆಯಬಹುದು, ಅದು 42 ವರ್ಷ, 504 ತಿಂಗಳು. ಅಲ್ಲಿಗೆ ಮುಟ್ಟಿದ ಮೇಲಷ್ಟೇ ಸಿಸ್ಟಮ್ ಕಂತು ಏರಿಸುತ್ತೆ, ಅದೂ ಎಷ್ಟು ಬೇಕೋ ಅಷ್ಟೇ." ಈ ಮಿತಿ ಒಂದೊಂದು ಕಡೆ ಒಂದೊಂದು ಥರ. ಕೆಲವರು ಒಟ್ಟು 30 ವರ್ಷ ಅಂತಾರೆ, ಕೆಲವರು ನಿವೃತ್ತಿ ವಯಸ್ಸು ಅಂತಾರೆ. ಚಿಕ್ಕ ವಯಸ್ಸಲ್ಲಿ ಸಾಲ ತೆಗೆದವನಿಗೆ ಎಳೆಯೋಕೆ ಜಾಗ ಜಾಸ್ತಿ. ಬೇಗ ಮನೆ ಮಾಡಿದ್ದಕ್ಕೆ ಸಿಕ್ಕ ಬಹುಮಾನ!

ಆದರೆ ಆ 415 ರೂಪಾಯಿಯಲ್ಲೇ ನನಗೆ ದಾರಿ ಕಂಡಿತು. 30,772 ಕಟ್ಟಿದರೆ 648 ತಿಂಗಳು, 31,187 ಕಟ್ಟಿದರೆ 504. ಒಂದು ಊಟದ ಬಿಲ್ಲಿನಷ್ಟು ದುಡ್ಡಿಗೆ ಹನ್ನೆರಡು ವರ್ಷ ಕಡಿಮೆ! ಕಂತು ಬಡ್ಡಿಯ ಅಂಚಿಗೆ ಅಂಟಿಕೊಂಡಿರುವಾಗ ಅದರ ಮೇಲೆ ಹಾಕುವ ಪ್ರತಿ ರೂಪಾಯಿಯೂ ನೇರ ಅಸಲಿಗೆ ಹೋಗುತ್ತೆ. ಹಾಗಾಗಿ ಮೊದಲ ಕೆಲವು ಸಾವಿರಕ್ಕೆ ಭಾರೀ ಬಲ.

ಇದನ್ನು ನಿಮ್ಮ ಫೋನಿನ ಸ್ಪ್ರೆಡ್‌ಶೀಟ್‌ನಲ್ಲೇ ನೋಡಬಹುದು. ವಾರ್ಷಿಕ ದರವನ್ನು 12ರಿಂದ ಭಾಗಿಸಿ, ಕಂತಿಗೆ ಮೈನಸ್ ಗುರುತು ಹಾಕಿ, ಕೊನೆಗೆ ಉಳಿದ ಸಾಲ ಬರೆಯಿರಿ:

```
=NPER(9.40%/12, -34000, 3903341)
```

ಕಂತು 34,000 ಮಾಡಿದರೆ ಎಷ್ಟು ತಿಂಗಳು ಅಂತ ಇದು ಹೇಳುತ್ತೆ. ಉತ್ತರ ಸುಮಾರು 294. ಇದೇ ಜಾಗದಲ್ಲಿ 30,500 ಹಾಕಿ ನೋಡಿ, `#NUM!` ಅಂತ ಬರುತ್ತೆ. ಕಂತು ಆ ತಿಂಗಳ ಬಡ್ಡಿಗಿಂತ ಕಡಿಮೆ, ಸಾಲ ಎಂದಿಗೂ ತೀರಲ್ಲ, ಬೆಳೀತಾನೇ ಹೋಗುತ್ತೆ ಅಂತ ಅರ್ಥ. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ನೆಗೆಟಿವ್ ಅಮಾರ್ಟೈಸೇಶನ್ ಅಂತಾರೆ. ನಾನು ಅದರಿಂದ 196 ರೂಪಾಯಿ ದೂರ ಇದ್ದೆ. ಇನ್ನು ಹಳೆಯ ಅವಧಿಯೇ ಬೇಕು, ಅದಕ್ಕೆ ಕಂತು ಎಷ್ಟಾಗಬೇಕು ಅನ್ನೋದಕ್ಕೆ ಇದು:

```
=PMT(9.40%/12, 222, -3903341)
```

ಉತ್ತರ 37,147. ಬ್ಯಾಂಕು ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತಿದ್ದರೆ ಕೆಲವು ರೂಪಾಯಿ ಆಚೀಚೆ ಆಗಬಹುದು, ತಲೆ ಕೆಡಿಸಿಕೊಳ್ಳಬೇಡಿ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬ್ಯಾಂಕ್ ಕೊಟ್ಟ ಹಾಗೆ 31,187ರಂತೆ 504 ತಿಂಗಳು ಕಟ್ಟಿದರೆ ಒಟ್ಟು ಒಂದು ಕೋಟಿ 57 ಲಕ್ಷ. 37,147ರಂತೆ 222 ತಿಂಗಳು ಕಟ್ಟಿದರೆ 82 ಲಕ್ಷದ 47 ಸಾವಿರ. ಅದೇ ಮನೆ, ಅದೇ ಗೋಡೆ. ವ್ಯತ್ಯಾಸ ಸುಮಾರು 75 ಲಕ್ಷ. ದರ ನಲವತ್ತೆರಡು ವರ್ಷ 9.40ರಲ್ಲೇ ನಿಲ್ಲಲ್ಲ, ಒಪ್ಪುತ್ತೇನೆ. ಆದರೆ ಅದು ಇಳಿಯಲಿ ಅಂತ ಕಾಯುವಾಗಲೂ ಪ್ರತಿ ತಿಂಗಳು ಬಡ್ಡಿ ಬೀಳೋದು ಉಳಿದ ಅಸಲಿನ ಮೇಲೆಯೇ.

37,147 ನನ್ನ ಕೈಗೆ ಎಟುಕುವ ಹಾಗಿರಲಿಲ್ಲ. ತಂಗಿಯ ಬಿ.ಎಡ್. ಫೀಸು, ಊರಿಗೆ ಕಳಿಸೋದು, ಇಲ್ಲಿನ ಮೆಂಟೆನೆನ್ಸ್ ಎಲ್ಲ ಕಳೆದು 34,000 ಆಗುತ್ತೆ ಅನಿಸಿತು. ಇದರ ಜೊತೆ ಬ್ಯಾಂಕಿನಲ್ಲಿ ಎರಡು ಲಕ್ಷ ಇತ್ತು.

ಆ ಎರಡು ಲಕ್ಷದ್ದೇ ಕಷ್ಟ. ಅದನ್ನು ಇಟ್ಟಿದ್ದು ಊರಲ್ಲಿ ಬೋರ್ ಕೊರೆಸೋಕೆ. ನಮ್ಮ ಕಡೆ ಮಳೆ ಎಷ್ಟು ಅಂತ ಗೊತ್ತಲ್ಲ, ಶೇಂಗಾ ಹೂ ಕಟ್ಟುವಾಗ ಹದಿನೈದು ದಿನ ಮಳೆ ಕೈಕೊಟ್ಟರೆ ಆ ವರ್ಷ ಮುಗಿದಂತೆ. ಹಳೇ ಬೋರ್ ಬತ್ತಿ ಎರಡು ವರ್ಷ ಆಗಿತ್ತು. ಅಪ್ಪನ ಹತ್ತಿರ ಫೋನಿನಲ್ಲಿ ಸುತ್ತಿ ಬಳಸಿ ಮಾತಾಡಿದೆ. ಅವರಿಗೆ ಅರ್ಥವಾಯಿತು. "ಬೋರ್ ಹಾಕಿದ್ರೆ ನೀರು ಬೀಳ್ತದೋ ಇಲ್ವೋ ದೇವರಿಗೇ ಗೊತ್ತು. ಬಡ್ಡಿ ಮಾತ್ರ ದಿನಾ ಬೀಳ್ತದೆ. ಕಟ್ಟಿ ಬಿಡು" ಅಂದರು. ನಿರಾಳ ಆಗಬೇಕಿತ್ತು, ಆಗಲಿಲ್ಲ.

ಲೆಕ್ಕದ ಮಟ್ಟಿಗೆ ಅವರು ಹೇಳಿದ್ದು ಸರಿ. ಕಂತು ಹಾಗೇ 30,772 ಬಿಟ್ಟು ಎರಡು ಲಕ್ಷ ಮಾತ್ರ ಅಸಲಿಗೆ ಕಟ್ಟಿದರೂ 648 ತಿಂಗಳು 366ರ ಆಸುಪಾಸಿಗೆ ಇಳಿಯುತ್ತೆ. ಕಂತು 34,000, ಜೊತೆಗೆ ಎರಡು ಲಕ್ಷ ಎರಡೂ ಮಾಡಿದರೆ 246. ಹಳೆಯ 222ಕ್ಕಿಂತ ಎರಡೇ ವರ್ಷ ಜಾಸ್ತಿ. ಅಷ್ಟಕ್ಕೆ ಒಪ್ಪಿದೆ.

ಮಾಡಿಸೋದು ಮಾತ್ರ ಸುಲಭ ಆಗಲಿಲ್ಲ. "ಕಂತು ಏರಿಸೋ ಆಯ್ಕೆ ಸಿಸ್ಟಮ್‌ನಲ್ಲಿ ಇಲ್ಲ, ಬೇಕಾದ್ರೆ ಆಗಾಗ ಪಾರ್ಟ್ ಪೇಮೆಂಟ್ ಮಾಡ್ತಾ ಇರಿ" ಅಂದರು. ಲಿಖಿತವಾಗಿ ಅರ್ಜಿ ಕೊಟ್ಟೆ. ಎರಡು ಮೇಲ್, ಒಂದು ಜ್ಞಾಪನೆ. ಕೊನೆಗೆ ಆಯಿತು. ಎರಡು ಕಡೆ ಎಡವುತ್ತಿದ್ದೆ, ಅವನ್ನು ಹೇಳಿಬಿಡ್ತೀನಿ. ಪಾರ್ಟ್ ಪೇಮೆಂಟ್ ಮಾಡುವಾಗ ಫಾರಂನಲ್ಲಿ "ಕಂತು ಇಳಿಸಿ" ಮತ್ತು "ಅವಧಿ ಇಳಿಸಿ" ಅಂತ ಎರಡು ಚೌಕ ಇರುತ್ತವೆ. ನನ್ನ ಫಾರಂನಲ್ಲಿ ಮೊದಲನೆಯದಕ್ಕೆ ಅವರೇ ಪೆನ್ಸಿಲ್‌ನಲ್ಲಿ ಟಿಕ್ ಹಾಕಿ ಕೊಟ್ಟಿದ್ದರು. ಹಾಗೇ ಸಹಿ ಮಾಡಿದ್ದರೆ ಎರಡು ಲಕ್ಷ ಕೊಟ್ಟೂ ಅವಧಿ ಅಲ್ಲೇ ಇರುತ್ತಿತ್ತು. ಇನ್ನೊಂದು, ಅಟೋ ಡೆಬಿಟ್ ಒಪ್ಪಿಗೆಗೆ ಒಂದು ಗರಿಷ್ಠ ಮೊತ್ತ ಇರುತ್ತೆ. ಹೊಸ ಕಂತು ಅದನ್ನು ದಾಟಿದರೆ ಮೊದಲ ತಿಂಗಳೇ ಬೌನ್ಸ್. ನನ್ನದರಲ್ಲಿ ಜಾಗ ಇತ್ತು, ಆದರೂ ಮೊದಲೇ ನೋಡಿಕೊಳ್ಳಿ. ಫ್ಲೋಟಿಂಗ್ ದರದ ಗೃಹಸಾಲಕ್ಕೆ ವ್ಯಕ್ತಿಗಳಿಂದ ಮುಂಗಡ ಪಾವತಿಯ ದಂಡ ತಗೊಳ್ಳುವ ಹಾಗಿಲ್ಲ, ಹಾಗಾಗಿ ಆ ಭಯ ಬೇಡ.

ನಾನು ಇಷ್ಟು ಅಲೆದ ನಾಲ್ಕು ತಿಂಗಳಿಗೆ, 2023ರ ಆಗಸ್ಟ್ 18ರಂದು, ರಿಸರ್ವ್ ಬ್ಯಾಂಕ್ ಇದೇ ವಿಷಯಕ್ಕೆ ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಅಂತ ಆರಿಸುವ ಅವಕಾಶ ಸಾಲಗಾರನಿಗೆ ಕೊಡಬೇಕು. ಅವಧಿ ಹಿಗ್ಗಿಸಿದರೂ ಕಂತು ಬಡ್ಡಿಗಿಂತ ಕೆಳಗೆ ಬೀಳಬಾರದು. ಮೂರು ತಿಂಗಳಿಗೊಮ್ಮೆ ಒಂದು ವಿವರಣೆ ಕೊಡಬೇಕು, ಅದರಲ್ಲಿ ಇಲ್ಲಿಯವರೆಗೆ ವಸೂಲಾದ ಅಸಲು, ಬಡ್ಡಿ, ಕಂತಿನ ಮೊತ್ತ, ಬಾಕಿ ಕಂತುಗಳು, ವಾರ್ಷಿಕ ದರ ಇರಬೇಕು. ಹಳೆಯ ಸಾಲಗಳಿಗೂ ಆ ವರ್ಷದ ಡಿಸೆಂಬರ್ 31ರೊಳಗೆ ಜಾರಿ ಮಾಡಬೇಕು ಅಂತ ಹೇಳಿತು. ಗೃಹಸಾಲ ಕಂಪನಿಗಳಿಗೂ ಇದು ಅನ್ವಯ, ಅವುಗಳ ದರ ರೆಪೊಗೆ ನೇರ ಕಟ್ಟಿರದಿದ್ದರೂ. ಈಗ ನೀವು ಶಾಖೆಗೆ ಹೋದಾಗ "ಸಿಸ್ಟಮ್‌ನಲ್ಲಿ ಇಲ್ಲ" ಅಂದರೆ ಈ ಸುತ್ತೋಲೆಯ ತಾರೀಕು ಹಾಕಿ ಅರ್ಜಿ ಬರೆಯಿರಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು.

ಸುತ್ತೋಲೆ ಆಯ್ಕೆ ಕೊಟ್ಟಿದೆ, ಆದರೆ ನೀವು ಸುಮ್ಮನಿದ್ದರೆ ಏನಾಗುತ್ತೆ? ಹೆಚ್ಚಾಗಿ ಮತ್ತೆ ಅವಧಿಯೇ ಹಿಗ್ಗುತ್ತೆ. ಆದ್ದರಿಂದ ಆ ಮೂರು ತಿಂಗಳ ವಿವರಣೆಯಲ್ಲಿ ನಾನು ನೋಡೋದು ಕಂತನ್ನಲ್ಲ, ಬಾಕಿ ಕಂತುಗಳ ಸಂಖ್ಯೆಯನ್ನು. ಮೂರು ತಿಂಗಳ ಹಿಂದೆ ಇದ್ದದ್ದಕ್ಕಿಂತ ಮೂರು ಕಡಿಮೆ ಇದ್ದರೆ ಸರಿ. ಜಾಸ್ತಿ ಆಗಿದ್ದರೆ ಅವತ್ತೇ ಫೋನ್ ಮಾಡಬೇಕು.

ರೆಪೊ 6.50ರಲ್ಲಿ ಎರಡು ವರ್ಷ ಕೂತಿತ್ತು. ಆಮೇಲೆ 2025ರ ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6.00, ಜೂನ್‌ನಲ್ಲಿ 5.50 ಆಯಿತು. ಜುಲೈ 1ಕ್ಕೆ ನನ್ನ ದರ 8.40ಕ್ಕೆ ಬಂತು. ಇಳಿಯುವಾಗಲೂ ಅದೇ ಕಥೆ, ತಿರುಗುಮುರುಗಾಗಿ. ಕಂತು ಹಾಗೇ ಬಿಟ್ಟರೆ ಅವಧಿ ಕುಗ್ಗುತ್ತೆ. ಬ್ಯಾಂಕಿನಿಂದ ಮೆಸೇಜ್ ಬಂತು, ಕಂತು ಇಳಿಸಿಕೊಳ್ಳಲು ಇಲ್ಲಿ ಒತ್ತಿ ಅಂತ. ಒತ್ತಲಿಲ್ಲ. ಉಳಿದ ಸಾಲ 35,51,691, ಬಾಕಿ ಸುಮಾರು 188 ಕಂತು. ಮೊದಲ ದಿನದ ಪಟ್ಟಿಯ ಪ್ರಕಾರ ಆ ಹೊತ್ತಿಗೆ 195 ಇರಬೇಕಿತ್ತು. ಏಳು ತಿಂಗಳು ಮುಂದಿದ್ದೇನೆ. 31,187 ಕಟ್ಟಿಕೊಂಡು ಸುಮ್ಮನಿದ್ದಿದ್ದರೆ ಅದೇ ದಿನ 38,82,607 ಬಾಕಿ ಇರುತ್ತಿತ್ತು. ದರ ಇಳಿದ ಮೇಲೂ 294 ತಿಂಗಳು.

ಜುಲೈನಲ್ಲಿ ಊರಿಗೆ ಹೋದಾಗ ಅಪ್ಪನಿಗೆ ವಿವರಣೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಅಸಲಿನ ಸಾಲನ್ನು ಬೆರಳಿನಲ್ಲಿ ಹುಡುಕಿ ಎರಡು ಸಲ ಓದಿದರು. "ಈಗ ಎದ್ದೈತೆ ಬಿಡು" ಅಂದರು. ಹೊಲದಲ್ಲಿ ಶೇಂಗಾ ಬಿತ್ತಿ ಮುಗಿದಿತ್ತು, ಮಳೆಗೆ ಕಾಯುತ್ತಿದ್ದರು. ಬೋರ್ ಬಗ್ಗೆ ನಾನೇ ಎತ್ತಿದೆ. "ಈ ಮಳೆಗಾಲ ಹೋಗ್ಲಿ, ನೋಡಣ" ಅಂದು ಹೊರಗೆ ಆಕಾಶ ನೋಡೋಕೆ ಎದ್ದು ಹೋದರು.